51 ಮತ್ತು 74: ಒಂದು ಲಸಿಕೆಯ ಲೆಕ್ಕ

2009ರ ಸೆಪ್ಟೆಂಬರ್ 24ರಂದು ಬ್ಯಾಂಕಾಕಿನಿಂದ ಹೊರಟ ಸುದ್ದಿಯೊಂದು ಒಂದೇ ದಿನದಲ್ಲಿ ಜಗತ್ತನ್ನು ಸುತ್ತಿತು. ಎಚ್‌ಐವಿ ಸೋಂಕನ್ನು ತಡೆಯುವ ಲಸಿಕೆ ಮೊದಲ ಬಾರಿಗೆ ಮನುಷ್ಯರಲ್ಲಿ ಕೆಲಸ ಮಾಡಿದೆ ಎಂಬುದು ಆ ಸುದ್ದಿ. ಇಪ್ಪತ್ತೈದು ವರ್ಷಗಳಿಂದ ಸೋಲನ್ನೇ ಕಂಡಿದ್ದ ಕ್ಷೇತ್ರಕ್ಕೆ ಅದೆಷ್ಟು ದೊಡ್ಡ ಸಮಾಧಾನವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಸಂತೋಷವೆಲ್ಲ ನಿಂತಿದ್ದದ್ದು ಒಂದು ಪುಟ್ಟ ಸಂಖ್ಯೆಯ ಮೇಲೆ: 0.04. ಸಂಶೋಧಕರು ಅದನ್ನು ಪಿ-ಮೌಲ್ಯ ಎನ್ನುತ್ತಾರೆ. ಅದು 0.05ಕ್ಕಿಂತ ಕಡಿಮೆ ಇದ್ದರೆ ಫಲಿತಾಂಶ ‘ಸಿಗ್ನಿಫಿಕೆಂಟ್’, ಹೆಚ್ಚಿದ್ದರೆ ಅಲ್ಲ ಎಂಬುದು ರೂಢಿ. ಥಾಯ್ಲೆಂಡಿನ ಪ್ರಯೋಗ ಗೆರೆಯನ್ನು ಕೂದಲೆಳೆಯಲ್ಲಿ ದಾಟಿತ್ತು.

ಆರ್‌ವಿ 144 ಎಂಬ ಹೆಸರಿನ ಆ ಪ್ರಯೋಗ ನಡೆದದ್ದು ರಯೋಂಗ್ ಮತ್ತು ಚೋನ್‌ಬುರಿ ಪ್ರಾಂತ್ಯಗಳಲ್ಲಿ. ಹದಿನೆಂಟರಿಂದ ಮೂವತ್ತು ವಯಸ್ಸಿನ ಹದಿನಾರು ಸಾವಿರಕ್ಕೂ ಹೆಚ್ಚು ಸ್ವಯಂಸೇವಕರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಆರು ತಿಂಗಳಲ್ಲಿ ಎರಡು ಬಗೆಯ ಲಸಿಕೆಗಳ ಚುಚ್ಚುಮದ್ದು, ಇನ್ನೊಂದಕ್ಕೆ ನೋಡಲು ಹಾಗೆಯೇ ಇರುವ, ಔಷಧವಿಲ್ಲದ ಹುಸಿ ಚುಚ್ಚುಮದ್ದು. ಆಮೇಲೆ ಮೂರು ವರ್ಷ ರಕ್ತ ಪರೀಕ್ಷಿಸುತ್ತ ಹೋದರು. ಕೊನೆಗೆ ಎಣಿಸಿದಾಗ ಲಸಿಕೆ ಪಡೆದವರಲ್ಲಿ 51 ಜನರಿಗೆ, ಹುಸಿ ಚುಚ್ಚುಮದ್ದಿನವರಲ್ಲಿ 74 ಜನರಿಗೆ ಸೋಂಕು ತಗುಲಿತ್ತು. ಎರಡೂ ಗುಂಪುಗಳ ಗಾತ್ರ ಹೆಚ್ಚುಕಡಿಮೆ ಒಂದೇ, ತಲಾ ಸುಮಾರು 8,200. ಹಾಗಾಗಿ ಲಸಿಕೆಯಿಂದ ಸೋಂಕು ಶೇಕಡಾ 31ರಷ್ಟು ಇಳಿಯಿತು ಎಂದು ಲೆಕ್ಕ ಹಾಕಿದರು.

ಈ 51 ಮತ್ತು 74ರಿಂದ ಪಿ-ಮೌಲ್ಯ ಹುಟ್ಟುವುದು ಹೇಗೆಂದು ನೋಡಲು ಒಂದು ನಾಣ್ಯ ಸಾಕು. ಲಸಿಕೆಯಲ್ಲಿ ಏನೇನೂ ಗುಣವಿಲ್ಲ, ಅದೂ ನೀರೇ ಎಂದು ಸ್ವಲ್ಪ ಹೊತ್ತು ಒಪ್ಪಿಕೊಳ್ಳೋಣ. ಆಗ ಸೋಂಕು ತಗುಲಿದ 125 ಜನರಲ್ಲಿ ಪ್ರತಿಯೊಬ್ಬರೂ ಈ ಗುಂಪಿನವರೋ ಆ ಗುಂಪಿನವರೋ ಎಂಬುದು ನಾಣ್ಯ ಚಿಮ್ಮಿದಂತೆ ತೀರ್ಮಾನವಾಗಿರುತ್ತದೆ. ನಾಣ್ಯವನ್ನು 125 ಸಲ ಚಿಮ್ಮಿದರೆ ಅರವತ್ತೆರಡೋ ಅರವತ್ತಮೂರೋ ರಾಜ ಬೀಳುವುದು ಸಹಜ. ಆದರೂ ಪ್ರತಿ ಸಲ ಸರಿಯಾಗಿ ಅರ್ಧಕ್ಕೇ ಬರುವುದಿಲ್ಲ. ಐದಾರು ಅತ್ತಿತ್ತ ಆಗುತ್ತಲೇ ಇರುತ್ತದೆ. ಆಟವನ್ನು ಸಾವಿರಾರು ಸಲ ಆಡಿದರೆ 51–74ರಷ್ಟು, ಅಥವಾ ಅದಕ್ಕೂ ಹೆಚ್ಚಿನ ಅಂತರ, ಯಾವ ಕಡೆಗಾದರೂ ಸರಿ, ಎಷ್ಟು ಸಲ ಬಂದೀತು? ನೂರಕ್ಕೆ ನಾಲ್ಕೈದು ಸಲ. ಪ್ರತಿಯೊಬ್ಬರನ್ನೂ ಎಷ್ಟು ಕಾಲ ಗಮನಿಸಿದರು ಎಂಬುದನ್ನೂ ಸೇರಿಸಿ ಸಂಶೋಧಕರು ಮಾಡಿದ ಲೆಕ್ಕದಲ್ಲಿ ಅದು 0.04. ಪಿ-ಮೌಲ್ಯ ಎಂದರೆ ಇಷ್ಟೇ: ಲಸಿಕೆಗೆ ಗುಣವಿಲ್ಲ ಎಂದೇ ಹಿಡಿದರೆ, ನಮ್ಮ ಕಣ್ಣೆದುರಿಗಿರುವಷ್ಟು ಅಥವಾ ಅದಕ್ಕಿಂತ ದೊಡ್ಡ ಅಂತರ ಬರುವ ಸಂಭವ.

ಆ ‘ಎಂದೇ ಹಿಡಿದರೆ’ ಎಂಬ ಮಾತು ಓದುವಾಗ ಕಣ್ಣುತಪ್ಪುತ್ತದೆ. ತಪ್ಪಿದ ಕೂಡಲೇ 0.04 ಎಂಬುದು ‘ಇದು ಕಾಕತಾಳೀಯವಾಗಿರುವ ಸಂಭವ ನೂರಕ್ಕೆ ನಾಲ್ಕು, ಆದ್ದರಿಂದ ಲಸಿಕೆ ಕೆಲಸ ಮಾಡುವುದು ನೂರಕ್ಕೆ ತೊಂಬತ್ತಾರು ಪಾಲು ಖಚಿತ’ ಎಂದಾಗಿಬಿಡುತ್ತದೆ. ಪತ್ರಿಕೆಗಳಲ್ಲಿ ಮಾತ್ರವಲ್ಲ, ವೈದ್ಯಕೀಯ ಪಾಠಗಳಲ್ಲೂ ಈ ವಾಕ್ಯ ಬೇರೆ ಬೇರೆ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. ಅದು ತಪ್ಪು, ಸಣ್ಣ ತಪ್ಪೂ ಅಲ್ಲ. ರಾತ್ರಿ ಮಳೆ ಬಂದಿದ್ದರೆ ಬೆಳಿಗ್ಗೆ ಅಂಗಳ ಒದ್ದೆಯಾಗಿರುವುದು ಖಂಡಿತ. ಆದರೆ ಅಂಗಳ ಒದ್ದೆಯಾಗಿದ್ದರೆ ಮಳೆ ಬಂದಿರುವುದೂ ಖಂಡಿತವೇ? ರಂಗೋಲಿಗೆಂದು ಯಾರೋ ನೀರು ಚಿಮುಕಿಸಿರಬಹುದು. ಆಷಾಢದಲ್ಲಾದರೆ ಮಳೆಯೆಂದು ನಂಬುತ್ತೇವೆ, ಕಡುಬೇಸಗೆಯಲ್ಲಾದರೆ ನೀರು ಹಾಕಿದ್ದಾರೆ ಎನ್ನುತ್ತೇವೆ. ಅಂಗಳ ಅದೇ, ಒದ್ದೆ ಅದೇ. ತೀರ್ಮಾನವನ್ನು ಬದಲಿಸುವುದು ಋತು. ಪಿ-ಮೌಲ್ಯಕ್ಕೆ ಋತು ಗೊತ್ತಿಲ್ಲ.

ಥಾಯ್ಲೆಂಡಿನ ಪ್ರಯೋಗದ ಋತು ಹೇಗಿತ್ತು? ಅದರಲ್ಲಿ ಬಳಸಿದ ಎರಡು ಲಸಿಕೆಗಳಲ್ಲಿ ಒಂದಾದ ಏಡ್ಸ್‌ವ್ಯಾಕ್ಸ್ ಅದಕ್ಕೂ ಮೊದಲೇ ದೊಡ್ಡ ಪ್ರಯೋಗಗಳಲ್ಲಿ ಒಂಟಿಯಾಗಿ ಸೋತಿತ್ತು. 2004ರಲ್ಲಿ 22 ವಿಜ್ಞಾನಿಗಳು ‘ಸೈನ್ಸ್’ ಪತ್ರಿಕೆಗೆ ಬರೆದು, ಇಂಥ ಜೋಡಿಯನ್ನು ಇಷ್ಟು ದೊಡ್ಡ ಪ್ರಯೋಗಕ್ಕೆ ಹಾಕುವುದೇ ಸರಿಯಲ್ಲ ಎಂದು ಆಕ್ಷೇಪಿಸಿದ್ದರು. ಬೇಸಗೆಯೆಂದೇ ಹೇಳಬೇಕು.

ಋತುವಿನ ತೂಕವನ್ನು ಅಂಕಿಯಲ್ಲೇ ಕಾಣಬಹುದು. ಎರಡು ಸಾವಿರ ಲಸಿಕೆಗಳನ್ನು ಪರೀಕ್ಷಿಸುತ್ತಿದ್ದೇವೆ, ಅವುಗಳಲ್ಲಿ ಹತ್ತಕ್ಕೆ ಒಂದರಂತೆ 200ಕ್ಕೆ ಮಾತ್ರ ನಿಜವಾದ ಗುಣವಿದೆ ಎಂದುಕೊಳ್ಳಿ. ಗುಣವಿದ್ದರೆ ಅದನ್ನು ಐದರಲ್ಲಿ ನಾಲ್ಕು ಸಲ ಹಿಡಿಯಬಲ್ಲಷ್ಟು ದೊಡ್ಡ ಪ್ರಯೋಗಗಳನ್ನೇ ನಡೆಸಿದ್ದೇವೆ. ಈಗ ಪಿ-ಮೌಲ್ಯ 0.04ಕ್ಕೂ 0.05ಕ್ಕೂ ನಡುವೆ ಬಿದ್ದು, ಫಲಿತಾಂಶ ಲಸಿಕೆಯ ಪರವಾಗಿ ಬಂದವುಗಳನ್ನಷ್ಟೇ ಆರಿಸಿ ತೆಗೆಯೋಣ. ಗುಣವಿಲ್ಲದ 1,800ರಲ್ಲಿ ನೂರಕ್ಕೆ ಅರ್ಧದಂತೆ 9 ಅಲ್ಲಿ ಬಂದು ಕೂರುತ್ತವೆ. ಗುಣವಿರುವ 200ರಲ್ಲಿ ಎಷ್ಟು? ಐದಾರು ಮಾತ್ರ. ಉಳಿದವು ಎಲ್ಲಿ ಹೋದವು ಎಂದು ಕೇಳಬಹುದು. ನಿಜವಾದ ಗುಣವಿರುವ ಲಸಿಕೆ ಸಾಮಾನ್ಯವಾಗಿ ಗೆರೆಯ ಅಂಚಿನಲ್ಲಿ ನಿಲ್ಲುವುದಿಲ್ಲ. ಅದರ ಪಿ-ಮೌಲ್ಯ 0.01ಕ್ಕೋ 0.001ಕ್ಕೋ ಇಳಿದಿರುತ್ತದೆ, ಒಂದಷ್ಟು ಸಲ ಗೆರೆಯ ಆಚೆಗೇ ಉಳಿದಿರುತ್ತದೆ. ಅಂಚಿನ ಈ ಕಿರಿದಾದ ಪಟ್ಟಿಯಲ್ಲಿ ಸಿಕ್ಕ ಹದಿನಾಲ್ಕು ಹದಿನೈದು ‘ಗೆಲುವು’ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಪೊಳ್ಳು. ನೂರಕ್ಕೆ ನಾಲ್ಕಲ್ಲ, ಅರವತ್ತು! ಲಸಿಕೆಗಳಲ್ಲಿ ಅರ್ಧಕ್ಕರ್ಧ ಗುಣವುಳ್ಳವು ಎಂದು ಉದಾರವಾಗಿ ಹಿಡಿದರೂ ಆ ಪಟ್ಟಿಯಲ್ಲಿ ಪೊಳ್ಳಿನ ಪಾಲು ಆರಕ್ಕೆ ಒಂದರಷ್ಟು ಉಳಿಯುತ್ತದೆ. ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ತಿಳಿಯಲೇಬೇಕಾದ ಲೆಕ್ಕ ಇದು.

ಇನ್ನು ಗೆರೆಯ ಮಾತು. 0.05 ಎಂಬ ಗಡಿಯನ್ನು ಜನಪ್ರಿಯಗೊಳಿಸಿದವರು ಇಂಗ್ಲೆಂಡಿನ ರೊನಾಲ್ಡ್ ಫಿಶರ್. ಗೊಬ್ಬರ, ಬೆಳೆಗಳ ಪ್ರಯೋಗ ನಡೆಯುತ್ತಿದ್ದ ರಾಥಮ್‌ಸ್ಟೆಡ್ ಕೃಷಿ ಕೇಂದ್ರದಲ್ಲಿದ್ದಾಗ, 1925ರ ತಮ್ಮ ಪುಸ್ತಕದಲ್ಲಿ ಇಪ್ಪತ್ತಕ್ಕೆ ಒಂದು ಎಂಬುದನ್ನು ಅನುಕೂಲಕರ ಮಿತಿ ಎಂದು ಸೂಚಿಸಿದರು. ಅನುಕೂಲಕ್ಕೆ ಹಾಕಿದ ಗೆರೆ ಕಾಲಕ್ರಮದಲ್ಲಿ ಸತ್ಯಕ್ಕೂ ಸುಳ್ಳಿಗೂ ನಡುವಿನ ಗೋಡೆಯಾಯಿತು. ಎಸ್‌ಎಸ್‌ಎಲ್‌ಸಿಯಲ್ಲಿ ಪಾಸಾಗಲು 35 ಬೇಕಿದ್ದ ಕಾಲದಲ್ಲಿ 35 ಬಂದವನಿಗೂ 34 ಬಂದವನಿಗೂ ವಿದ್ಯೆಯಲ್ಲಿ ಏನೂ ವ್ಯತ್ಯಾಸವಿಲ್ಲವೆಂದು ಮೇಷ್ಟರಿಗೂ ಗೊತ್ತಿತ್ತು, ಆದರೂ ಒಬ್ಬ ಪಾಸು, ಇನ್ನೊಬ್ಬ ಫೇಲು ಆಗುತ್ತಿದ್ದರು. ಥಾಯ್ಲೆಂಡಿನಲ್ಲಿ ಸೋಂಕಿತರೊಬ್ಬರು ಆ ಗುಂಪಿನ ಬದಲು ಈ ಗುಂಪಿನಲ್ಲಿದ್ದು, ಲೆಕ್ಕ 52–73 ಆಗಿದ್ದರೆ ಪಿ-ಮೌಲ್ಯ ಸುಮಾರು 0.06ಕ್ಕೆ ಏರುತ್ತಿತ್ತು. ಹದಿನಾರು ಸಾವಿರ ಜನರಲ್ಲಿ ಒಬ್ಬರೇ ಒಬ್ಬರು! ಬ್ಯಾಂಕಾಕಿನ ಸುದ್ದಿ ಆಗ ‘ಮತ್ತೊಂದು ಲಸಿಕೆಯ ಸೋಲು’ ಎಂದಾಗಿರುತ್ತಿತ್ತು. ಲಸಿಕೆಯಂತೂ ಅದೇ ಲಸಿಕೆ.

ಇದು ಬರೀ ಕಲ್ಪನೆಯ ಮಾತಾಗಿ ಉಳಿಯಲಿಲ್ಲ. ಪತ್ರಿಕಾಗೋಷ್ಠಿಯಲ್ಲಿ ಹೇಳಿದ್ದು ಒಂದು ಎಣಿಕೆಯನ್ನು ಮಾತ್ರ. ಅದೇ ಪ್ರಯೋಗವನ್ನು ಇನ್ನೆರಡು ಬಗೆಯಲ್ಲೂ ಎಣಿಸಿದ್ದರು, ಅವು ಹೊರಬಂದದ್ದು ಆಮೇಲೆ. ಮೊದಲ ಚುಚ್ಚುಮದ್ದಿಗೆ ಮುಂಚೆಯೇ ಸೋಂಕಿದ್ದ ಏಳು ಜನರು ಗೊತ್ತಾಗದೆ ಸೇರಿಕೊಂಡಿದ್ದರು, ಲಸಿಕೆಯ ಗುಂಪಿನಲ್ಲಿ ಐವರು, ಇನ್ನೊಂದರಲ್ಲಿ ಇಬ್ಬರು. ಅವರನ್ನೂ ಸೇರಿಸಿ ಎಣಿಸಿದರೆ 56–76, ಪಿ-ಮೌಲ್ಯ 0.08. ಎಲ್ಲ ಚುಚ್ಚುಮದ್ದುಗಳನ್ನೂ ಹೇಳಿದ ಹೊತ್ತಿಗೆ ಹಾಕಿಸಿಕೊಂಡವರನ್ನಷ್ಟೇ ಎಣಿಸಿದರೆ 36–50, ಪಿ-ಮೌಲ್ಯ 0.16. ಆ ಏಳು ಜನರನ್ನು ಬಿಟ್ಟದ್ದಕ್ಕೆ ಒಳ್ಳೆಯ ಕಾರಣವೇ ಇತ್ತು. ಮೊದಲೇ ಬಂದ ಸೋಂಕನ್ನು ಯಾವ ಲಸಿಕೆ ತಡೆದೀತು? ಆದರೆ ಮೂರರಲ್ಲಿ ಗೆರೆ ದಾಟಿದ ಒಂದನ್ನಷ್ಟೇ ಮೊದಲು ಹೇಳಿದ್ದು ತಪ್ಪೆಂದು ಆಗ ಟೀಕೆ ಬಂತು, ಆ ಟೀಕೆ ನ್ಯಾಯವಾದದ್ದು. ಇನ್ನೊಂದು ಕಡೆ, 0.08 ಕಂಡೊಡನೆ ‘ಲಸಿಕೆ ಕೆಲಸ ಮಾಡುವುದಿಲ್ಲವೆಂದು ಸಾಬೀತಾಯಿತು’ ಎಂದವರೂ ಅಷ್ಟೇ ಎಡವಿದರು. ಮೂರೂ ಎಣಿಕೆಗಳು ಹೇಳುತ್ತಿದ್ದದ್ದು ಒಂದೇ ಕತೆ: ಲಸಿಕೆಯ ಕಡೆಗೆ ಸ್ವಲ್ಪ ವಾಲಿದ, ದುರ್ಬಲವಾದ ಸಾಕ್ಷ್ಯ.

ಎಷ್ಟು ದುರ್ಬಲ ಎಂಬುದನ್ನು ಪಿ-ಮೌಲ್ಯಕ್ಕಿಂತ ಚೆನ್ನಾಗಿ ಹೇಳುವುದು ಅದರ ಪಕ್ಕದಲ್ಲೇ ಅಚ್ಚಾಗಿದ್ದ ಇನ್ನೊಂದು ಅಂಕಿ. ಲಸಿಕೆಯ ರಕ್ಷಣೆ ಶೇಕಡಾ 31 ಎಂದರೂ, ಸಂಗ್ರಹವಾದ ಮಾಹಿತಿಗೆ ಒಗ್ಗುವ ವ್ಯಾಪ್ತಿ ಶೇಕಡಾ 1ರಿಂದ 52ರವರೆಗೆ ಹರಡಿತ್ತು. ಅಂದರೆ ಅದು ಅರ್ಧದಷ್ಟು ಸೋಂಕನ್ನು ತಡೆಯುವ ಲಸಿಕೆಯೂ ಆಗಿರಬಹುದಿತ್ತು, ತಡೆದೂ ತಡೆಯದಂತಿರುವ ಲಸಿಕೆಯೂ ಆಗಿರಬಹುದಿತ್ತು. ‘ಸಿಗ್ನಿಫಿಕೆಂಟ್’ ಎಂಬ ಪದವನ್ನು ‘ಗಣನೀಯ’ ಎಂದು ಅನುವಾದಿಸುವ ನಾವು ಪತ್ರಿಕೆಯವರು ಇಲ್ಲಿ ಓದುಗರಿಗೆ ಅನ್ಯಾಯ ಮಾಡುತ್ತೇವೆ. ಪರಿಣಾಮ ದೊಡ್ಡದು ಎಂಬ ಅರ್ಥ ಆ ಪದಕ್ಕೆ ಸಂಖ್ಯಾಶಾಸ್ತ್ರದಲ್ಲಿ ಇಲ್ಲವೇ ಇಲ್ಲ. ಇನ್ನೊಂದು ಸಂಗತಿಯೂ ಇದೆ. ಗೆರೆಯನ್ನು ಕಷ್ಟಪಟ್ಟು ದಾಟಿದ ಫಲಿತಾಂಶದಲ್ಲಿ ಅದೃಷ್ಟದ ಪಾಲು ಸೇರಿಕೊಂಡಿರುವುದೇ ಹೆಚ್ಚು. ಅದನ್ನು ಇನ್ನೊಮ್ಮೆ ಮಾಡಿದಾಗ ಪರಿಣಾಮ ಚಿಕ್ಕದಾಗಿ ಕಾಣುವುದು ಅಚ್ಚರಿಯಲ್ಲ. ಕಂಡಷ್ಟೇ ಗುಣ ನಿಜವಾಗಿಯೂ ಇದ್ದರೂ, ಅಷ್ಟೇ ದೊಡ್ಡ ಎರಡನೆಯ ಪ್ರಯೋಗ ಗೆರೆ ದಾಟುವ ಸಂಭವ ಅರ್ಧಕ್ಕಿಂತ ತುಸು ಹೆಚ್ಚಷ್ಟೆ.

ಇನ್ನೊಮ್ಮೆ ಮಾಡಿಯೇ ನೋಡಿದರು. ದಕ್ಷಿಣ ಆಫ್ರಿಕದಲ್ಲಿ 2016ರಲ್ಲಿ ಶುರುವಾದ ಎಚ್‌ವಿಟಿಎನ್ 702 ಪ್ರಯೋಗಕ್ಕೆ 5,400ಕ್ಕೂ ಹೆಚ್ಚು ಜನ ಸೇರಿದರು. ಅಲ್ಲಿ ಹರಡಿರುವ ವೈರಸ್ಸಿನ ತಳಿಗೆ ತಕ್ಕಂತೆ ಲಸಿಕೆಯನ್ನು ಬದಲಿಸಿದ್ದರು, ಜೊತೆಗೆ ಬೆರೆಸುವ ವಸ್ತುವೂ ಬೇರೆಯಿತ್ತು, ಸೋಂಕಿನ ಅಪಾಯವೂ ಅಲ್ಲಿ ಹೆಚ್ಚು. ಆದ್ದರಿಂದ ಥಾಯ್ಲೆಂಡಿನ ಪಡಿಯಚ್ಚು ಎನ್ನುವಂತಿಲ್ಲ, ಅಲ್ಲಿಯ ಫಲಿತಾಂಶ ಪೊಳ್ಳಾಗಿತ್ತೆಂದು ಇದರಿಂದ ಸಾಬೀತಾಗುವುದೂ ಇಲ್ಲ. 2020ರ ಆರಂಭದಲ್ಲಿ ಮೇಲ್ವಿಚಾರಣಾ ಸಮಿತಿ ಅಂಕಿಗಳನ್ನು ತೆರೆದು ನೋಡಿ, ಚುಚ್ಚುಮದ್ದನ್ನು ನಿಲ್ಲಿಸಲು ಹೇಳಿತು. ಹುಸಿ ಚುಚ್ಚುಮದ್ದಿನವರಲ್ಲಿ ಸೋಂಕು ತಗುಲಿದವರು 123. ಲಸಿಕೆ ಪಡೆದವರಲ್ಲಿ 129.