ಪರವಲಯದ ಕೆಳಗಣ ಕ್ಷೇತ್ರದ ಗುರುತ್ವಕೇಂದ್ರ

ಒಂದೇ ದಪ್ಪವುಳ್ಳ ರಟ್ಟಿನಿಂದ ಯಾವುದೊಂದು ಆಕೃತಿಯನ್ನು ಕತ್ತರಿಸಿ ತೆಗೆದರೆ, ಆ ಆಕೃತಿಯನ್ನು ಯಾವ ಕಡೆಗೂ ವಾಲದಂತೆ ಸೂಜಿಯ ಮೊನೆಯ ಮೇಲೆ ನಿಲ್ಲಿಸಬಹುದಾದ ಬಿಂದುವೊಂದು ಇರುತ್ತದೆ. ಅದಕ್ಕೆ ಗುರುತ್ವಕೇಂದ್ರವೆಂದು ಹೆಸರು. ಚೌಕದಲ್ಲಿ ಅದು ಕರ್ಣಗಳು ಸಂಧಿಸುವ ಸ್ಥಾನ. ತ್ರಿಕೋಣದಲ್ಲಿ ಮಧ್ಯರೇಖೆಗಳು ಸಂಧಿಸುವ ಸ್ಥಾನ. ಆಕೃತಿಯ ಒಂದು ಅಂಚು ಬಾಗಿದುದಾದರೆ ಇಂತಹ ಸುಲಭವಾದ ಗುರುತು ದೊರೆಯುವುದಿಲ್ಲ. ಆಗ ಅನುಕಲನದ ನೆರವು ಬೇಕಾಗುತ್ತದೆ. ಇದಕ್ಕೆ ನಿದರ್ಶನವಾಗಿ y = x² ಎಂಬ ಪರವಲಯವನ್ನು ತೆಗೆದುಕೊಳ್ಳಬಹುದು.

ಒಂದು ಮಾನದ ಬದಿಯುಳ್ಳ ಚೌಕವನ್ನು ಭಾವಿಸಬೇಕು. ಅದರ ಎಡಗಡೆಯ ಕೆಳಮೂಲೆಯಿಂದ ಹೊರಟ ಪರವಲಯವು ಮೊದಲು ತಳವನ್ನು ಸವರುವಂತೆ ಸಾಗಿ, ಬರಬರುತ್ತ ಕಡಿದಾಗಿ ಏರಿ, ಬಲಗಡೆಯ ಮೇಲ್ಮೂಲೆಯನ್ನು ಮುಟ್ಟುತ್ತದೆ. ಎಡಮೂಲೆಯಿಂದ x ದೂರದಲ್ಲಿ ವಕ್ರದ ಎತ್ತರ x². ಈ ವಕ್ರಕ್ಕೂ ತಳಕ್ಕೂ ನಡುವಣ ಭಾಗವೇ ಇಲ್ಲಿ ವಿಚಾರಕ್ಕೆ ಬಂದಿರುವ ಕ್ಷೇತ್ರ.

ಮೊದಲು ಅದರ ವಿಸ್ತೀರ್ಣವನ್ನು ತಿಳಿಯಬೇಕು. ತಳವನ್ನು 10 ಸಮಭಾಗಗಳಾಗಿ ಮಾಡಿ ಪ್ರತಿಯೊಂದರ ಮೇಲೂ ಒಂದೊಂದು ಪಟ್ಟಿಯನ್ನು ನಿಲ್ಲಿಸಿದರೆ, ಪಟ್ಟಿಗಳು ವಕ್ರದ ಒಳಗೇ ಅಡಗಿದಾಗ ಅವುಗಳ ಮೊತ್ತ 0.285, ವಕ್ರವನ್ನು ಮೀರಿ ನಿಂತಾಗ 0.385. ಭಾಗಗಳನ್ನು 100 ಮಾಡಿದರೆ ಈ ಎರಡು ಸಂಖ್ಯೆಗಳು 0.32835 ಮತ್ತು 0.33835 ಎಂದಾಗುತ್ತವೆ. ಪಟ್ಟಿಗಳು ಸಣ್ಣವಾದಷ್ಟೂ ಎರಡೂ ಮೊತ್ತಗಳು ಒಂದೇ ಬೆಲೆಯನ್ನು ಎರಡು ಕಡೆಯಿಂದ ಒತ್ತರಿಸುತ್ತ ಬರುತ್ತವೆ. ಆ ಬೆಲೆ 1/3. ಅನುಕಲನವೆಂಬುದು ಈ ಒತ್ತರಿಸುವಿಕೆಯ ಕೊನೆಯ ಫಲವನ್ನು ಒಮ್ಮೆಗೇ ಕೊಡುವ ವಿಧಾನ. x ನ ಘಾತವನ್ನು ಒಂದು ಹೆಚ್ಚಿಸಿ, ಹೆಚ್ಚಿದ ಘಾತದಿಂದ ಭಾಗಿಸಬೇಕೆಂಬುದೇ ಅದರ ನಿಯಮ. ಅದರಂತೆ 0 ಯಿಂದ 1 ರ ವರೆಗೆ

∫ x² dx = 1/3.

ಇನ್ನು ತೂಕದ ಮಾತು. ತಕ್ಕಡಿಯ ದಂಡದ ಮೇಲಿರುವ ವಸ್ತುವು ದಂಡವನ್ನು ತಿರುಗಿಸುವ ಶಕ್ತಿಯು ಅದರ ತೂಕವನ್ನು ಮಾತ್ರವೇ ಅಲ್ಲದೆ ಆಧಾರದಿಂದ ಅದಕ್ಕಿರುವ ದೂರವನ್ನೂ ಅವಲಂಬಿಸಿದೆ. ತೂಕ, ದೂರಗಳ ಗುಣಲಬ್ಧವನ್ನು ಇಲ್ಲಿ ತಿರುವುಬಲವೆಂದು ಕರೆಯಲಾಗುವುದು. ಕ್ಷೇತ್ರದ ಎಲ್ಲ ಪಟ್ಟಿಗಳ ತಿರುವುಬಲಗಳನ್ನು ಕೂಡಿಸಿ, ಬಂದ ಮೊತ್ತವನ್ನು ವಿಸ್ತೀರ್ಣದಿಂದ ಭಾಗಿಸಿದರೆ ಗುರುತ್ವಕೇಂದ್ರದ ದೂರ ದೊರೆಯುತ್ತದೆ. ದಪ್ಪವು ಎಲ್ಲೆಡೆಯೂ ಒಂದೇ ಆಗಿರುವುದರಿಂದ ವಿಸ್ತೀರ್ಣವನ್ನೇ ತೂಕವೆಂದೆಣಿಸಲು ಅಡ್ಡಿಯಿಲ್ಲ.

ಎಡಬದಿಯಿಂದ x ದೂರದಲ್ಲಿರುವ ಪಟ್ಟಿಯ ತೂಕ x² dx. ಅದರ ತಿರುವುಬಲ x · x² dx, ಅಂದರೆ x³ dx. ಇವುಗಳ ಮೊತ್ತ

∫ x³ dx = 1/4.

ಇದನ್ನು 1/3 ರಿಂದ ಭಾಗಿಸಿದರೆ 3/4 ಬರುತ್ತದೆ. ಗುರುತ್ವಕೇಂದ್ರವು ಎಡಬದಿಯಿಂದ ಮುಕ್ಕಾಲು ದೂರದಲ್ಲಿದೆ.

ತಳದಿಂದ ಅದರ ಎತ್ತರವನ್ನು ಕಾಣುವಾಗ ಎಚ್ಚರಿಕೆ ಬೇಕು. ಎಡಬದಿಯಿಂದ ಅಳೆಯುವಾಗ ಒಂದು ಪಟ್ಟಿಯ ಎಲ್ಲ ಅಂಶಗಳೂ ಹೆಚ್ಚುಕಡಮೆ ಒಂದೇ ದೂರದಲ್ಲಿದ್ದುವು. ತಳದಿಂದ ಅಳೆಯುವಾಗ ಹಾಗಲ್ಲ. ಪಟ್ಟಿಯು ತಳದಿಂದ ವಕ್ರದ ವರೆಗೆ ನಿಂತಿದೆ. ಅದರ ತೂಕವೆಲ್ಲ ತುದಿಯಲ್ಲಿ ಸೇರಿಲ್ಲ. ನಡುವಿನಲ್ಲಿ, ಎಂದರೆ x²/2 ಎತ್ತರದಲ್ಲಿ, ಸೇರಿದೆಯೆಂದು ಭಾವಿಸಬೇಕು. ಆದುದರಿಂದ ತಿರುವುಬಲಗಳ ಮೊತ್ತ

∫ (x²/2) · x² dx = 1/10.

ಇದನ್ನು 1/3 ರಿಂದ ಭಾಗಿಸಿದರೆ 3/10. ಗುರುತ್ವಕೇಂದ್ರವು (3/4, 3/10) ಎಂಬ ಬಿಂದು. 20 ಸೆಂಟಿಮೀಟರ್ ಬದಿಯ ರಟ್ಟಿನಲ್ಲಿ ಈ ಆಕೃತಿಯನ್ನು ಕತ್ತರಿಸಿದರೆ, ಸೂಜಿಯನ್ನು ಎಡಮೂಲೆಯಿಂದ 15 ಸೆಂಟಿಮೀಟರ್ ದೂರದಲ್ಲಿ, ತಳದಿಂದ 6 ಸೆಂಟಿಮೀಟರ್ ಎತ್ತರದಲ್ಲಿ ಹಿಡಿಯಬೇಕು.

ಮೇಲಿನ ಅರ್ಧವನ್ನು ಮರೆತವರಿಗೆ ಎತ್ತರವು 3/5 ಎಂದು ಬರುತ್ತದೆ. ಮುಕ್ಕಾಲು ದೂರದಲ್ಲಿ ವಕ್ರದ ಎತ್ತರ 9/16 ಮಾತ್ರವಾದ ಕಾರಣ ಆ ಬಿಂದು ಕ್ಷೇತ್ರದ ಹೊರಗೆ ಬೀಳುತ್ತದೆ. ಇದು ಸಂದೇಹಕ್ಕೆ ಕಾರಣವೇ ಹೊರತು ತಪ್ಪಿಗೆ ಸಾಕ್ಷಿಯಲ್ಲ. ಏಕೆಂದರೆ ಒಳಬಾಗಿದ ಅಂಚುಳ್ಳ ಆಕೃತಿಗಳಲ್ಲಿ, ಉದಾಹರಣೆಗೆ ಬಳೆಯಲ್ಲಿ, ಗುರುತ್ವಕೇಂದ್ರವು ಹೊರಗೆ ಇರುವುದೂ ಉಂಟು. ನಿರ್ಣಾಯಕವಾದ ಪರೀಕ್ಷೆ ಬೇರೊಂದಿದೆ. ಅದು ಬಹು ಪ್ರಾಚೀನವಾದುದು.

ಸಿರಾಕ್ಯೂಸಿನ ಆರ್ಕಿಮಿಡೀಸನು ಕ್ರಿ. ಪೂ. 3ನೆಯ ಶತಮಾನದಲ್ಲಿ, ಅನುಕಲನದ ಸಂಕೇತಗಳು ಹುಟ್ಟುವುದಕ್ಕೆ ಸುಮಾರು 1900 ವರ್ಷಗಳ ಹಿಂದೆಯೇ, ಪರವಲಯದ ಖಂಡವನ್ನು ಕುರಿತು ಎರಡು ಸಂಗತಿಗಳನ್ನು ಸಾಧಿಸಿದ್ದನು. ಖಂಡದ ವಿಸ್ತೀರ್ಣವು ಅದರೊಳಗಣ, ಅದೇ ತಳ ಮತ್ತು ಅದೇ ಎತ್ತರದ ತ್ರಿಕೋಣದ 4/3 ರಷ್ಟು ಎಂಬುದು ಒಂದು. ಖಂಡದ ಗುರುತ್ವಕೇಂದ್ರವು ಅಕ್ಷದ ಮೇಲೆ ಶೃಂಗದಿಂದ 3/5 ದೂರದಲ್ಲಿದೆಯೆಂಬುದು ಇನ್ನೊಂದು. ಈ ಎರಡನೆಯದು ಸಮತಲಗಳ ಸಮತೋಲವನ್ನು ಕುರಿತ ಅವನ ಗ್ರಂಥದ ಎರಡನೆಯ ಭಾಗದಲ್ಲಿದೆ.

ಪ್ರಕೃತ ವಕ್ರವನ್ನು ಎಡಗಡೆಗೂ ಬೆಳೆಯಿಸಿ, 1 ರ ಎತ್ತರದಲ್ಲಿ ಅಡ್ಡರೇಖೆಯಿಂದ ಕತ್ತರಿಸಿದರೆ ಅಂತಹ ಖಂಡವೊಂದು ದೊರೆಯುತ್ತದೆ. ಅದರೊಳಗಣ ತ್ರಿಕೋಣದ ತಳ 2, ಎತ್ತರ 1, ವಿಸ್ತೀರ್ಣ 1. ಆದುದರಿಂದ ಖಂಡದ ವಿಸ್ತೀರ್ಣ 4/3. ಅದರ ಬಲಗಡೆಯ ಅರ್ಧ 2/3. ಚೌಕದಲ್ಲಿ ಉಳಿದ 1/3 ಭಾಗವೇ ವಕ್ರದ ಕೆಳಗಣ ಕ್ಷೇತ್ರ. ಖಂಡದ ಎರಡು ಅರ್ಧಗಳೂ ಒಂದಕ್ಕೊಂದು ಕನ್ನಡಿಯ ಬಿಂಬದಂತಿರುವುದರಿಂದ ಬಲ ಅರ್ಧದ ಗುರುತ್ವಕೇಂದ್ರವೂ 3/5 ಎತ್ತರದಲ್ಲಿಯೇ ಇದೆ. ಇಡೀ ಚೌಕದ್ದು 1/2 ಎತ್ತರದಲ್ಲಿದೆ. ಬೇಕಾದ ಎತ್ತರವನ್ನು h ಎಂದರೆ,

(2/3)(3/5) + (1/3)h = 1/2.

ಇದರಿಂದ h = 3/10. ಅನುಕಲನವು ಕೊಟ್ಟ ಬೆಲೆಯೇ ಇಲ್ಲಿಯೂ ಬಂದಿತು. ತಪ್ಪುಬೆಲೆಯಾದ 3/5 ನ್ನು h ನ ಸ್ಥಾನದಲ್ಲಿಟ್ಟರೆ ಎಡಗಡೆಯ ಮೊತ್ತ 3/5 ಆಗಿ, ಚೌಕದ ನಡುಬಿಂದುವೇ ನಡುವನ್ನು ಬಿಟ್ಟು ಮೇಲಕ್ಕೆ ಸರಿಯಬೇಕಾಗುತ್ತದೆ. ಆದರೆ ಈ ಮಾರ್ಗಕ್ಕೂ ಒಂದು ಎಲ್ಲೆಯುಂಟು. ಆರ್ಕಿಮಿಡೀಸನ ಫಲವು ಇಡೀ ಖಂಡವನ್ನು ಕುರಿತದ್ದಾಗಿ ಅಕ್ಷದ ಮೇಲಣ ಎತ್ತರವನ್ನು ಮಾತ್ರ ಹೇಳುತ್ತದೆ. ಅರ್ಧಖಂಡದ ಕೇಂದ್ರವು ಅಕ್ಷದಿಂದ ಎಷ್ಟು ದೂರವೆಂಬುದನ್ನು ಹೇಳುವುದಿಲ್ಲ. ಮುಕ್ಕಾಲಿನ ಬೆಲೆಗೆ ಅನುಕಲನವನ್ನೇ ಆಶ್ರಯಿಸಬೇಕು.

ಈ ಮುಕ್ಕಾಲನ್ನು ಕುರಿತು ಒಂದು ಭ್ರಾಂತಿಯನ್ನು ನಿವಾರಿಸುವುದು ಅಗತ್ಯ. ಗುರುತ್ವಕೇಂದ್ರದ ಮೂಲಕ ಎಳೆದ ಲಂಬರೇಖೆಯು ಕ್ಷೇತ್ರವನ್ನು ಎರಡು ಸಮಭಾಗಗಳಾಗಿ ಸೀಳುವುದೆಂದು ಭಾವಿಸುವುದುಂಟು. ಲೆಕ್ಕವು ಇದನ್ನು ಒಪ್ಪುವುದಿಲ್ಲ. x ನ ವರೆಗಿನ ವಿಸ್ತೀರ್ಣವು x³/3 ಆದುದರಿಂದ, 3/4 ರ ಎಡಗಡೆಯಲ್ಲಿ ಇಡೀ ಕ್ಷೇತ್ರದ 27/64 ಭಾಗವೂ ಬಲಗಡೆಯಲ್ಲಿ 37/64 ಭಾಗವೂ ಇವೆ. ಸಮಭಾಗ ಮಾಡುವ ರೇಖೆಯು ಸುಮಾರು 0.794 ರಲ್ಲಿದೆ. ಎಡಗಡೆಯ ತೂಕ ಕಡಮೆಯಾದರೂ ತೆಳುವಾದ ಬಾಲವು ಬಹುದೂರ ಚಾಚಿಕೊಂಡಿದೆ. ಬಲಗಡೆಯದು ಹೆಚ್ಚಾದರೂ ಆಧಾರದ ಸಮೀಪದಲ್ಲಿಯೇ ಒತ್ತಾಗಿ ನಿಂತಿದೆ. ಗುರುತ್ವಕೇಂದ್ರದಲ್ಲಿ ಸಮವಾಗುವುವು ತೂಕಗಳಲ್ಲ, ತಿರುವುಬಲಗಳು.