ಗೇಟಿನ ಬಳಿಯ ನಾಲ್ಕು ನಿಮಿಷ

2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗಿನ ನೂಕುನುಗ್ಗಲಿನಲ್ಲಿ 11 ಮಂದಿ ಸತ್ತರು. ಬೌರಿಂಗ್ ಆಸ್ಪತ್ರೆ ಅಲ್ಲಿಗೆ ದೂರವೇನಲ್ಲ. ಆದರೆ ಜನ ಕಿಕ್ಕಿರಿದ ದಿನ ದೂರವನ್ನು ಕಿಲೋಮೀಟರಿನಲ್ಲಿ ಅಳೆದು ಪ್ರಯೋಜನವಿಲ್ಲ.

ಇಂಥ ಕಡೆ ಜೀವ ಹೋಗುವುದು ಹೆಚ್ಚಾಗಿ ತುಳಿತದಿಂದಲ್ಲ, ಎದೆ ಅದುಮಿ ಉಸಿರು ಕಟ್ಟುವುದರಿಂದ. ಉಸಿರು ನಿಂತ ನಾಲ್ಕೈದು ನಿಮಿಷದಲ್ಲೇ ಮಿದುಳಿಗೆ ಪೆಟ್ಟು ಬೀಳತೊಡಗುತ್ತದೆ. ಕೂಗುತ್ತಿರುವವರು ಉಸಿರಾಡುತ್ತಿದ್ದಾರೆ, ಮೊದಲು ನೋಡಬೇಕಾದದ್ದು ಸದ್ದಿಲ್ಲದೆ ಬಿದ್ದವರನ್ನು. ಕರೆದರೂ ಓಗೊಡದೆ, ಸರಿಯಾಗಿ ಉಸಿರಾಡದೆ ಇದ್ದರೆ ಅವರನ್ನು ಬಯಲಿಗೆ ತಂದು, ಎದೆಯ ನಡುವೆ ಐದು ಸೆಂಟಿಮೀಟರಿನಷ್ಟು ಆಳಕ್ಕೆ, ನಿಮಿಷಕ್ಕೆ 100ರಿಂದ 120 ಬಾರಿ ಒತ್ತಬೇಕು. ಒತ್ತುವವರು ಎರಡು ನಿಮಿಷಕ್ಕೊಮ್ಮೆ ಬದಲಾಗಬೇಕು. ಅಷ್ಟರಲ್ಲಿ ಯಾರ ತೋಳಾದರೂ ಸೋಲುತ್ತದೆ.

ಹಾಗಾಗಿ ಸಹಾಯಕರ ಪಟ್ಟಿಯನ್ನು ಗೇಟಿನ ಪ್ರಕಾರ ಬರೆಯಬೇಕು: ಯಾವ ಗೇಟಿನಲ್ಲಿ ಯಾರು, ಎದೆ ಒತ್ತಲು ಕಲಿತವರು ಯಾರು, ಸ್ಟ್ರೆಚರ್ ಹಿಡಿಯುವವರು ಯಾರು, 108ಕ್ಕೆ ಕರೆ ಮಾಡುವವರು ಯಾರು. ಸಾವಿರಾರು ಫೋನುಗಳು ಒಟ್ಟಿಗೆ ಸೇರಿದರೆ ನೆಟ್‌ವರ್ಕ್ ಕೈಕೊಡುವುದುಂಟು. ಗೇಟಿಗೊಂದು ವಾಕಿಟಾಕಿ ಬೇಕು.

ಆಸ್ಪತ್ರೆಯ ವಿವರವೆಂದರೆ ಬರೀ ಹೆಸರು, ವಿಳಾಸವಲ್ಲ. ತುರ್ತು ವಿಭಾಗದ ನೇರ ಸಂಖ್ಯೆ, ಅದರ ಬಾಗಿಲು ಯಾವ ರಸ್ತೆಗಿದೆ, ಅದು ತುಂಬಿದರೆ ಮುಂದಿನದು ಯಾವುದು ಎಂಬುದೂ ಅದರಲ್ಲಿರಬೇಕು. ಆಂಬುಲೆನ್ಸ್ ದಾರಿಯನ್ನು ಜನ ಸೇರುವ ಮುನ್ನವೇ ಬ್ಯಾರಿಕೇಡ್ ಹಾಕಿ ಕಾದಿರಿಸಬೇಕು. ಜನ ತುಂಬಿದ ಮೇಲೆ ಅದನ್ನು ತೆರವು ಮಾಡುವುದು ಪೊಲೀಸರಿಗೂ ಕಷ್ಟ.