ಪ್ಯಾನೆಲ್‌ನವರ ಕೈಗೆ ಸಿಗುವ ಒಂದು ಹಾಳೆ

ಕ್ಯಾಂಪಸ್ ಡ್ರೈವ್‌ಗೆ ಬರುವ ಎಷ್ಟೋ ದೊಡ್ಡ ಕಂಪನಿಗಳು ಮೊದಲ ಹಂತದಲ್ಲಿ ಯಾರ ರೆಸ್ಯೂಮೆಯನ್ನೂ ಓದುವುದಿಲ್ಲ. ಪ್ಲೇಸ್‌ಮೆಂಟ್ ಸೆಲ್ ಕಳಿಸುವ ಎಕ್ಸೆಲ್ ಶೀಟೇ ಅವರಿಗೆ ಸಾಕು. ಎಸ್‌ಎಸ್‌ಎಲ್‌ಸಿ, ಪಿಯುಸಿ, ಡಿಗ್ರಿ ಮೂರರಲ್ಲೂ ಶೇ. 60 ಇರಬೇಕು, ಬ್ಯಾಕ್‌ಲಾಗ್ ಬಾಕಿ ಇರಬಾರದು ಎಂಬುದು ಸಾಮಾನ್ಯವಾಗಿ ಕಾಣುವ ಷರತ್ತು. ಅದನ್ನು ದಾಟಿದವರಿಗೆ ಆನ್‌ಲೈನ್ ಟೆಸ್ಟ್. ಅಲ್ಲೂ ಉಳಿದುಕೊಂಡವರು ಸಂದರ್ಶನಕ್ಕೆ ಕೂತಾಗ ಎದುರಿನವರು ಬಹುಪಾಲು ಮೊದಲ ಸಲ ಆ ಹಾಳೆಯ ಮೇಲೆ ಕಣ್ಣಾಡಿಸುತ್ತಾರೆ. ಈ ಹುಡುಗಿಯನ್ನು ಏನು ಕೇಳಲಿ ಎಂದು ಅದರಲ್ಲೇ ಹುಡುಕುತ್ತಾರೆ. ಅಂದರೆ ರೆಸ್ಯೂಮೆ ಬರೆಯುವವರು ತಮ್ಮ ಪ್ರಶ್ನೆಪತ್ರಿಕೆಯನ್ನು ತಾವೇ ತಯಾರಿಸುತ್ತಿದ್ದಾರೆ.

ಎಲೆಕ್ಟ್ರಾನಿಕ್ಸ್ ಕೊನೆಯ ವರ್ಷದ ಒಬ್ಬ ವಿದ್ಯಾರ್ಥಿನಿಯನ್ನು ಊಹಿಸಿಕೊಳ್ಳೋಣ. ಸೀನಿಯರ್ ಕೊಟ್ಟ ಫೈಲಿನಲ್ಲಿ ಹೆಸರು ಬದಲಿಸಿ ಆಕೆ ರೆಸ್ಯೂಮೆ ಮಾಡಿಕೊಂಡಿದ್ದಾಳೆ. ಮೇಲೆ ನಾಲ್ಕು ಸಾಲಿನ ‘ಆಬ್ಜೆಕ್ಟಿವ್’, ಕೆಳಗೆ ತಂದೆಯ ಹೆಸರು, ಹವ್ಯಾಸ, ‘ಮೇಲಿನ ವಿವರಗಳೆಲ್ಲ ಸತ್ಯ’ ಎಂಬ ಘೋಷಣೆ. ನಡುವೆ ಪ್ರಾಜೆಕ್ಟ್‌ಗೆ ಸಿಕ್ಕಿರುವುದು ಒಂದೇ ಸಾಲು: ‘ಐಒಟಿ ಆಧಾರಿತ ಸ್ಮಾರ್ಟ್ ನೀರಾವರಿ ವ್ಯವಸ್ಥೆ, ತಂಡದ ಸದಸ್ಯರು 4’. ಅದೇ ತಂಡದ ಉಳಿದ ಮೂವರ ರೆಸ್ಯೂಮೆಯಲ್ಲೂ ಇದೇ ಸಾಲು ಇರುತ್ತದೆ. ಹೀಗಾದಾಗ ಪ್ಯಾನೆಲ್‌ನವರು ಸ್ಕಿಲ್ಸ್ ಪಟ್ಟಿಯಲ್ಲಿರುವ ‘ಜಾವಾ’ ಹಿಡಿದುಕೊಂಡು ಪ್ರಶ್ನೆ ಶುರು ಮಾಡುತ್ತಾರೆ. ಎರಡು ವಾರದ ಕೋರ್ಸಿನಲ್ಲಿ ಕಲಿತು ಮರೆತ ಜಾವಾ ಅದು.

ಆದರೆ ಆ ಪ್ರಾಜೆಕ್ಟಿನಲ್ಲಿ ಆಕೆ ಮಾಡಿದ ಕೆಲಸ ಸಣ್ಣದಲ್ಲ. ಮಣ್ಣಿನ ತೇವ ಅಳೆಯುವ ಅಗ್ಗದ ಸೆನ್ಸರಿಗೆ ಎರಡು ಲೋಹದ ಕಡ್ಡಿಗಳಿರುತ್ತವೆ. ಒದ್ದೆ ಮಣ್ಣಿನಲ್ಲಿ ಅವುಗಳ ನಡುವೆ ಸದಾ ವಿದ್ಯುತ್ ಹರಿಯುತ್ತಿದ್ದರೆ ಕಡ್ಡಿಯ ಲೋಹ ಸವೆದುಹೋಗುತ್ತದೆ. ಕೆಲವೇ ವಾರಗಳಲ್ಲಿ ಅಳತೆ ತಪ್ಪುತ್ತದೆ, ಪಂಪು ಬೇಡದ ಹೊತ್ತಿನಲ್ಲಿ ಓಡುತ್ತದೆ. ಇದನ್ನು ಕಂಡುಹಿಡಿದು, ಅರ್ಧ ಗಂಟೆಗೊಮ್ಮೆ ಅಳತೆ ತೆಗೆಯುವ ಕ್ಷಣದಲ್ಲಿ ಮಾತ್ರ ಸೆನ್ಸರಿಗೆ ವಿದ್ಯುತ್ ಸಿಗುವಂತೆ ಮಾಡಿದವಳು ಈಕೆಯೇ. ಈಗ ಪ್ರಾಜೆಕ್ಟಿನ ಭಾಗ ಹೀಗಾಗುತ್ತದೆ: ‘ನಾಲ್ವರ ತಂಡದಲ್ಲಿ ಸೆನ್ಸರ್ ಮತ್ತು ಆರ್ಡುಯಿನೋ ಪ್ರೋಗ್ರಾಂ ನನ್ನ ಹೊಣೆ. ಕಡ್ಡಿ ಸವೆದು ಅಳತೆ ತಪ್ಪುವುದನ್ನು ಗುರುತಿಸಿದೆ. 30 ನಿಮಿಷಕ್ಕೊಮ್ಮೆ ಮಾತ್ರ ವಿದ್ಯುತ್ ಕೊಡುವಂತೆ ಬದಲಿಸಿದೆ.’ ಇದನ್ನು ಓದಿದವರು ‘ತಪ್ಪುತ್ತಿದೆ ಅಂತ ಹೇಗೆ ಗೊತ್ತಾಯ್ತಮ್ಮ?’ ಎಂದು ಕೇಳದೆ ಇರುವುದು ಕಷ್ಟ. ಉತ್ತರ ಆಕೆಯ ಬಳಿ ಇದೆ: ನೀರು ಹಾಕಿದ ಮೇಲೂ ಸೆನ್ಸರ್ ಮಣ್ಣು ಒಣಗಿದೆ ಎನ್ನುತ್ತಿತ್ತು, ಹೊಸ ಸೆನ್ಸರ್ ಚುಚ್ಚಿ ನೋಡಿದರೆ ಅಳತೆ ಬೇರೆ ಬಂತು.

ಹೀಗೆ ಬರೆಯಲು ಜಾಗ ಬೇಕು. ಆಬ್ಜೆಕ್ಟಿವ್, ತಂದೆಯ ಹೆಸರು, ಘೋಷಣೆ ತೆಗೆದರೆ ಆ ಜಾಗ ಸಿಗುತ್ತದೆ. ಕಾಲೇಜು ನಿಗದಿ ಮಾಡಿದ ನಮೂನೆ ಇದ್ದರೆ ಮಾತ್ರ ಅದನ್ನೇ ಪಾಲಿಸಬೇಕು. ಜಾವಾವನ್ನೂ ಅಳಿಸುವುದು ಒಳ್ಳೆಯದು. ಹತ್ತು ನಿಮಿಷ ಮಾತಾಡಲಾಗದ ವಿಷಯ ಪಟ್ಟಿಯಲ್ಲಿ ಇರಬಾರದು ಎಂದೇ ನನ್ನ ಅಭಿಪ್ರಾಯ.

ಅಂಕಗಳ ವಿಷಯದಲ್ಲಿ ಒಂದೇ ಎಚ್ಚರಿಕೆ, ಆದರೆ ದೊಡ್ಡದು. 59.6 ಇದ್ದರೆ 59.6 ಎಂದೇ ಬರೆಯಬೇಕು, 60 ಮಾಡಬಾರದು. ಸಿಜಿಪಿಎಯನ್ನು ಶೇಕಡಾವಾರಿಗೆ ತಿರುಗಿಸಲು ವಿಶ್ವವಿದ್ಯಾಲಯ ಕೊಟ್ಟ ಸೂತ್ರವನ್ನೇ ಬಳಸಬೇಕು. ಆಫರ್ ಕೈಗೆ ಬಂದ ಮೇಲೂ ಕಂಪನಿಗಳು ಮಾರ್ಕ್ಸ್ ಕಾರ್ಡುಗಳನ್ನು ತಾಳೆ ನೋಡುತ್ತವೆ. ಆಗ ಸಿಕ್ಕಿಬೀಳುವ ಅರ್ಧ ಅಂಕ ಇಡೀ ಕೆಲಸವನ್ನೇ ಕಳೆಯಬಹುದು. ಹೆಸರು, ಇನಿಷಿಯಲ್ ಕೂಡ ಮಾರ್ಕ್ಸ್ ಕಾರ್ಡಿನಲ್ಲಿ ಇದ್ದಂತೆಯೇ ಇರಲಿ.

ಕವರ್ ಲೆಟರನ್ನು ನೂರಾರು ಜನರನ್ನು ತೆಗೆದುಕೊಳ್ಳುವ ಡ್ರೈವ್‌ಗಳಲ್ಲಿ ಸಾಮಾನ್ಯವಾಗಿ ಕೇಳುವುದಿಲ್ಲ. ಇಬ್ಬರು ಮೂವರನ್ನು ಹುಡುಕಿಕೊಂಡು ಬರುವ ಸಣ್ಣ ಕಂಪನಿಗಳಲ್ಲಿ ಅದಕ್ಕೆ ಬೆಲೆ ಹೆಚ್ಚು, ಯಾಕೆಂದರೆ ಅಲ್ಲಿ ಅದನ್ನು ಓದುವವರು ಮುಂದೆ ಜೊತೆಯಲ್ಲಿ ಕೆಲಸ ಮಾಡುವ ಎಂಜಿನಿಯರೇ ಆಗಿರಬಹುದು. ರೆಸ್ಯೂಮೆಯಲ್ಲಿ ಇರುವುದನ್ನೇ ಉದ್ದ ಮಾಡಿ ಬರೆದರೆ ಅವರಿಗೆ ಉಪಯೋಗವಿಲ್ಲ. ಪಂಪ್ ಕಂಟ್ರೋಲರ್ ತಯಾರಿಸುವ ಕಂಪನಿಗೆ ನಮ್ಮ ವಿದ್ಯಾರ್ಥಿನಿ ಬರೆಯುವುದಾದರೆ ಹೀಗೆ ಬರೆಯಬಹುದು: ‘ಮಾನ್ಯರೇ, ಪ್ಲೇಸ್‌ಮೆಂಟ್ ಸೆಲ್ ಮೂಲಕ ತಿಳಿದ ಎಂಬೆಡೆಡ್ ಟ್ರೈನಿ ಹುದ್ದೆಗೆ ಅರ್ಜಿ ಸಲ್ಲಿಸುತ್ತಿದ್ದೇನೆ. ನನ್ನ ಪ್ರಾಜೆಕ್ಟಿನಲ್ಲಿ ಸೆನ್ಸರ್ ಸವೆದು ಪಂಪು ತಪ್ಪಾಗಿ ಓಡುತ್ತಿತ್ತು, ಅದನ್ನು ಸರಿಪಡಿಸಿದ ವಿವರ ರೆಸ್ಯೂಮೆಯಲ್ಲಿದೆ. ತಮ್ಮ ಕಂಟ್ರೋಲರುಗಳು ಹೊಲದಲ್ಲಿ ವರ್ಷಗಟ್ಟಲೆ ಇರಬೇಕಾದವು, ಆ ಕೆಲಸ ಕಲಿಯುವ ಆಸೆ ನನ್ನದು. ಕೊನೆಯ ಸೆಮಿಸ್ಟರ್ ಪರೀಕ್ಷೆ ಜೂನ್‌ನಲ್ಲಿ ಮುಗಿಯುತ್ತದೆ, ಜುಲೈನಿಂದ ಕೆಲಸಕ್ಕೆ ಸೇರಬಲ್ಲೆ.’ ಇಷ್ಟನ್ನು ಮೇಲ್‌ನಲ್ಲೇ ಬರೆದು, ರೆಸ್ಯೂಮೆಯನ್ನು ತನ್ನ ಹೆಸರು ಮತ್ತು ಯುಎಸ್‌ಎನ್ ಇರುವ ಪಿಡಿಎಫ್ ಮಾಡಿ ಲಗತ್ತಿಸಿದರೆ ಆಯಿತು.